ಸಿರಿಂಜ್ ಪಂಪ್ ಓಡುತ್ತಿದೆ, ಔಷಧ ಮಾತ್ರ ಹೋಗುತ್ತಿಲ್ಲ: ಒಂದು ದೋಷ ಪತ್ತೆಯ ವಿವರ

ಪಂಪಿನ ಹಸಿರು ದೀಪ ಮಿನುಗುತ್ತಿದೆ. ಪರದೆ ಮೇಲೆ ವೇಗ ಸರಿಯಾಗಿದೆ. ಅಲಾರಂ ಇಲ್ಲ. ಆದರೂ ಸಿರಿಂಜ್ ಬದಲಿಸಿದ ಸ್ವಲ್ಪ ಹೊತ್ತಿಗೆ ರೋಗಿಯ ಬಿಪಿ ಕುಸಿಯುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಮೇಲೇರುತ್ತದೆ. ಹತ್ತು ಹದಿನೈದು ನಿಮಿಷ ಕಳೆದರೆ ಎಲ್ಲ ಸರಿಹೋಗಿರುತ್ತದೆ. ಪಂಪನ್ನು ವರ್ಕ್‌ಶಾಪಿಗೆ ತಂದು ಪರೀಕ್ಷಿಸಿದರೆ ಪಾಸಾಗುತ್ತದೆ. 'ದೋಷ ಕಂಡುಬಂದಿಲ್ಲ' ಎಂದು ಬರೆದು ವಾರ್ಡಿಗೆ ವಾಪಸ್ ಕಳಿಸುತ್ತೇವೆ. ಬಯೋಮೆಡಿಕಲ್ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಈ ಕಥೆ ಹೊಸದಲ್ಲ.

ಇಲ್ಲಿ ಅಂಥದ್ದೇ ಒಂದು ಪಂಪಿನ ತನಿಖೆ ಹೇಗೆ ನಡೆಯಿತು ಎಂದು ಬರೆದಿದ್ದೇನೆ. ಮೊದಲೇ ಒಂದು ಮಾತು ತಿಳಿದಿರಲಿ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಸಿರಿಂಜ್ ಪಂಪ್ ಔಷಧವನ್ನು ಅಳೆಯುವುದಿಲ್ಲ. ಅದು ಮೋಟರ್ ಎಷ್ಟು ಸುತ್ತು ತಿರುಗಿತು ಎಂದು ಎಣಿಸುತ್ತದೆ. ಆ ಸುತ್ತನ್ನು ಸಿರಿಂಜಿನ ಒಳ ಅಳತೆಗೆ ಗುಣಿಸಿ 'ಇಷ್ಟು ಮಿ.ಲೀ. ಹೋಗಿದೆ' ಎಂದು ತೋರಿಸುತ್ತದೆ. ಮೋಟರಿಗೂ ಸಿರಿಂಜಿನೊಳಗಿನ ಔಷಧವನ್ನು ಒತ್ತುವ ಪ್ಲಂಜರಿಗೂ ನಡುವೆ ಎಲ್ಲೋ ಸಡಿಲ ಇದ್ದರೆ, ಆ ಸಂಖ್ಯೆಗೂ ರೋಗಿಗೆ ಸೇರಿದ ಔಷಧಕ್ಕೂ ಸಂಬಂಧವೇ ಇರುವುದಿಲ್ಲ.

ನಡೆದದ್ದು ಏನು

ರೋಗಿಯ ತೂಕ 60 ಕೆ.ಜಿ. ಸೋಂಕಿನಿಂದ ಬಿಪಿ ಬಿದ್ದಿತ್ತು. ಅದನ್ನು ಎತ್ತಿ ಹಿಡಿಯಲು ನಾರ್‌ಅಡ್ರಿನಲಿನ್ ಕೊಡುತ್ತಿದ್ದರು. 50 ಮಿ.ಲೀ. ಸಿರಿಂಜಿನಲ್ಲಿ 4 ಮಿ.ಗ್ರಾಂ ಔಷಧ, ಅಂದರೆ ಒಂದು ಮಿ.ಲೀ.ಗೆ 80 ಮೈಕ್ರೋಗ್ರಾಂ. ವೇಗ ಗಂಟೆಗೆ 4.5 ಮಿ.ಲೀ. ಲೆಕ್ಕ ಹಾಕಿದರೆ ನಿಮಿಷಕ್ಕೆ 6 ಮೈಕ್ರೋಗ್ರಾಂ, ಕೆ.ಜಿ.ಗೆ 0.1 ಮೈಕ್ರೋಗ್ರಾಂ. ಈ ಔಷಧದ ಗುಣ ಗೊತ್ತಿದ್ದವರಿಗೆ ಮುಂದಿನದು ಅರ್ಥವಾಗುತ್ತದೆ. ಇದರ ಅರ್ಧಾಯುಷ್ಯ ಎರಡು ಮೂರು ನಿಮಿಷ ಅಷ್ಟೇ. ನಿಂತರೆ ರಕ್ತದಲ್ಲಿ ಉಳಿಯುವುದಿಲ್ಲ. ಐದು ನಿಮಿಷ ಔಷಧ ತಪ್ಪಿದರೂ ಬಿಪಿ ಹೇಳಿಬಿಡುತ್ತದೆ.

ರಾತ್ರಿ ಎರಡು ಗಂಟೆ ದಾಟಿದ ಮೇಲೆ ಸಿರಿಂಜ್ ಮುಗಿಯಿತು. ಹೊಸದನ್ನು ಹಾಕಿ ಪಂಪ್ ಶುರು ಮಾಡಿದರು. ಆಗ ಸರಾಸರಿ ಬಿಪಿ 71 ಇತ್ತು. ಕೆಲವೇ ನಿಮಿಷದಲ್ಲಿ ಅದು ಇಳಿಯತೊಡಗಿ 46ಕ್ಕೆ ಬಂತು. ರೋಗಿ ಬೆವರಿದರು, ಚಡಪಡಿಸಿದರು. ವೇಗವನ್ನು 6ಕ್ಕೆ ಏರಿಸಿ ಡ್ರಿಪ್ ಕೂಡ ಜೋರು ಮಾಡಿದರು. ಆಮೇಲೆ ಬಿಪಿ ಏರಿತು, ಏರುತ್ತಲೇ ಹೋಗಿ 108 ಮುಟ್ಟಿತು. ವೇಗವನ್ನು ಮತ್ತೆ 4.5ಕ್ಕೆ ಇಳಿಸಿದ ಮೇಲೆ 70ರ ಆಸುಪಾಸಿಗೆ ಬಂದು ನಿಂತಿತು. ಇಸಿಜಿಯಲ್ಲಿ ಬದಲಾವಣೆ ಇರಲಿಲ್ಲ. ಎದೆನೋವು ಇರಲಿಲ್ಲ. ಬೆಳಗಿನ ಹೊತ್ತಿಗೆ ರೋಗಿ ಮೊದಲಿನಂತೆಯೇ ಇದ್ದರು.

ವಾರ್ಡಿನ ಸಿಸ್ಟರ್ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಸರ್, ಪಂಪ್ ಓಡ್ತಾ ಇತ್ತು. ಆದ್ರೆ ಬಿಪಿ ನೋಡಿದ್ರೆ ಔಷಧ ಹೋಗ್ತಾ ಇಲ್ಲ ಅನ್ನಿಸ್ತು. ಅದಕ್ಕೇ ಬೇರೆ ಪಂಪ್ ಹಾಕಿದ್ವಿ, ಇದನ್ನ ಹಾಗೇ ಇಟ್ಟಿದೀವಿ."

ಹಾಗೇ ಇಟ್ಟಿದ್ದು ದೊಡ್ಡ ಉಪಕಾರ. ಅರ್ಧ ತನಿಖೆ ಅಲ್ಲೇ ಮುಗಿದಿತ್ತು.

ಪಂಪ್ ಮುಟ್ಟುವ ಮೊದಲು

ರೋಗಿಗೆ ಬೇರೆ ಪಂಪಿನಿಂದ ಔಷಧ ಹೋಗುತ್ತಿದೆ ಎಂದು ಖಾತ್ರಿಯಾಗುವವರೆಗೆ ಕೆಟ್ಟ ಪಂಪಿನ ಬಗ್ಗೆ ಯೋಚಿಸುವುದೇ ಬೇಡ. ಅದನ್ನು ತೆಗೆಯುವಾಗ ಒಂದು ಎಚ್ಚರ ಬೇಕು. ಮೊದಲು ಲೈನಿನಲ್ಲಿರುವ ತ್ರೀ-ವೇ ಕವಾಟವನ್ನು ರೋಗಿಯ ಕಡೆಗೆ ಮುಚ್ಚಬೇಕು, ಆಮೇಲೆ ಸಿರಿಂಜಿಗೆ ಕೈ ಹಾಕಬೇಕು. ಲೈನ್ ತೆರೆದಿರುವಾಗ ಸಿರಿಂಜ್ ಬಿಡಿಸಲು ಹೋದರೆ ಪ್ಲಂಜರ್ ಒತ್ತಿಹೋಗಿ ಒಂದಿಷ್ಟು ಔಷಧ ಒಮ್ಮೆಲೇ ಒಳಗೆ ನುಗ್ಗಬಹುದು. ಲೈನಿನಲ್ಲಿ ಎಲ್ಲಾದರೂ ಅಡಚಣೆ ಇದ್ದು ಒತ್ತಡ ಸೇರಿಕೊಂಡಿದ್ದರಂತೂ ನುಗ್ಗುವುದು ಜಾಸ್ತಿ.

ಆಮೇಲೆ ಪಂಪ್, ಸಿರಿಂಜ್, ಲೈನ್ ಮೂರನ್ನೂ ಜೊತೆಯಲ್ಲೇ ಇಡಬೇಕು. ಸಿರಿಂಜನ್ನು ಪಂಪಿನಿಂದ ತೆಗೆಯುವುದಕ್ಕೆ ಮೊದಲು ಅದು ಕೂತಿರುವ ರೀತಿಯ ಫೋಟೋ ತೆಗೆದುಕೊಳ್ಳುವುದು ಒಳ್ಳೆಯದು. ಪ್ಲಂಜರಿನ ತಲೆಯನ್ನು ಹಿಡಿಯುವ ಕ್ಲಿಪ್, ಸಿರಿಂಜಿನ ಹೊರ ಕೊಳವೆಯಾದ ಬ್ಯಾರೆಲಿನ ರೆಕ್ಕೆ ಕೂರುವ ಸ್ಲಾಟ್, ಮೇಲಿನ ಕ್ಲ್ಯಾಂಪ್, ಈ ಮೂರೂ ಹತ್ತಿರದಿಂದ ಕಾಣಬೇಕು. ಒಮ್ಮೆ ತೆಗೆದು ಮತ್ತೆ ಹಾಕಿದರೆ ಅದೇ ಜಾಗಕ್ಕೆ ಕೂರುತ್ತದೆ ಎಂಬ ಭರವಸೆ ಇಲ್ಲ. ನಮ್ಮ ಕೇಸಿನಲ್ಲಿ ಇಡೀ ರಹಸ್ಯ ಇದ್ದದ್ದೇ ಅದು ಕೂತ ರೀತಿಯಲ್ಲಿ.

ಇನ್ನೊಂದು ಚಿಕ್ಕ ವಿಷಯ, ಆದರೆ ಬಿಟ್ಟರೆ ತಲೆ ಕೆಡುತ್ತದೆ. ಪಂಪಿನ ಗಡಿಯಾರವನ್ನೂ ಮಾನಿಟರಿನ ಗಡಿಯಾರವನ್ನೂ ಒಟ್ಟಿಗೆ ಇಟ್ಟು ನೋಡಿ, ವ್ಯತ್ಯಾಸ ಬರೆದುಕೊಳ್ಳಿ. ಇಲ್ಲಿ ಪಂಪ್ 4 ನಿಮಿಷ ಹಿಂದಿತ್ತು. ಅದನ್ನು ಗಮನಿಸದೆ ಎರಡರ ದಾಖಲೆಯನ್ನು ಪಕ್ಕದಲ್ಲಿಟ್ಟಿದ್ದರೆ, ವೇಗ ಏರಿಸಿದ ಮೇಲೆ ಬಿಪಿ ಬಿದ್ದಂತೆ ಕಾಣುತ್ತಿತ್ತು. ಯಾರದ್ದೋ ಕೈತಪ್ಪು ಎಂಬ ಮಾತು ಹುಟ್ಟುವುದು ಎಷ್ಟೋ ಸಲ ಹೀಗೆಯೇ.

ಲಾಗ್ ಓದುವುದು

ಪಂಪಿನ ಮೆಮೊರಿಯಿಂದ ಸಿಕ್ಕಿದ್ದು ಇದು. ಸಮಯ ಪಂಪಿನ ಗಡಿಯಾರದ್ದು.

```
02:05:40  SYRINGE REMOVED
02:08:05  SYRINGE CONFIRMED 50ML
02:08:31  START  4.5 ML/H
02:15:00  RATE   6.0 ML/H
02:27:10  RATE   4.5 ML/H
```

ಎಲ್ಲಕ್ಕೂ 4 ನಿಮಿಷ ಸೇರಿಸಿ ಮಾನಿಟರಿನ ಬಿಪಿ ಗೆರೆಯ ಪಕ್ಕ ಇಟ್ಟೆವು. ಮಾನಿಟರಿನ ಸಮಯದಲ್ಲಿ 02:12:31ಕ್ಕೆ ಪಂಪ್ ಶುರುವಾಗಿದೆ. ಸಿರಿಂಜ್ ಬದಲಿಸಲು ಹಿಡಿದದ್ದು ಮೂರು ನಿಮಿಷಕ್ಕೂ ಕಡಿಮೆ, ಅದು ಬೇಗ ಆದ ಕೆಲಸವೇ. ಬದಲಾವಣೆಗೆ ಹಿಡಿದ ಸಮಯದಿಂದಷ್ಟೇ ಬಿಪಿ ಬಿದ್ದಿದ್ದರೆ 02:15ರ ಹೊತ್ತಿಗೆ ಚೇತರಿಕೆ ಶುರುವಾಗಬೇಕಿತ್ತು. ಆದರೆ ಅದು ಇಳಿಯುತ್ತಲೇ ಹೋಗಿದೆ. ಮೇಲೆ ತಿರುಗಿದ್ದು 02:23ರ ಸುಮಾರಿಗೆ. ಅಂದರೆ ಪಂಪ್ ಶುರುವಾಗಿ ಸುಮಾರು ಹತ್ತು ನಿಮಿಷ ಔಷಧ ಹೊರಗೇ ಬಂದಿಲ್ಲ.

ಲಾಗಿನಲ್ಲಿ ಇಲ್ಲದ ಸಾಲುಗಳೂ ಮಾತಾಡುತ್ತವೆ. ಲೈನ್ ಕಟ್ಟಿಕೊಂಡಿದೆ ಎನ್ನುವ ಆಕ್ಲೂಷನ್ ಅಲಾರಂ ಇಲ್ಲ, ಅಂದರೆ ಒತ್ತಡ ಅಲಾರಂ ಬರುವ ಮಟ್ಟಕ್ಕೆ ಏರಿಲ್ಲ. ಪ್ಲಂಜರ್ ಕಳಚಿದೆ ಎಂಬ ಎಚ್ಚರಿಕೆ ಇಲ್ಲ. ಮೋಟರ್ ನಿಂತಿಲ್ಲ. ಪಂಪಿನ ಮಟ್ಟಿಗೆ ಎಲ್ಲ ಚೆನ್ನಾಗಿ ನಡೆದಿದೆ.

ಇನ್ನೊಂದು ಸುಳಿವು ಹಿಂದಿನ ದಿನದ ಗೆರೆಯಲ್ಲಿತ್ತು. ಗಂಟೆಗೆ 4.5ರಂತೆ ಒಂದು ಸಿರಿಂಜ್ ಸುಮಾರು 11 ಗಂಟೆ ಬರುತ್ತದೆ. ಹಾಗಾಗಿ ಹಿಂದಿನ ಬದಲಾವಣೆ ಮಧ್ಯಾಹ್ನ ಮೂರರ ಸುಮಾರಿಗೆ ಆಗಿರಬೇಕು. ಅಲ್ಲಿಯೂ ಒಂದು ಕುಸಿತ ಇತ್ತು, 58ರವರೆಗೆ. ಇಷ್ಟು ಜೋರಾಗಿರಲಿಲ್ಲ, ಹಾಗಾಗಿ ರೋಗಿಯ ಸ್ಥಿತಿಯ ಏರುಪೇರು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅದಕ್ಕೂ ಹಿಂದಿನ ಸಿರಿಂಜ್ ಬೇರೆ ಪಂಪಿನಲ್ಲಿತ್ತು. ಆಗ ಕುಸಿತವೇ ಇಲ್ಲ. ಔಷಧ ಅದೇ, ಲೈನ್ ಅದೇ, ರೋಗಿ ಅದೇ. ಬದಲಾದದ್ದು ಪಂಪ್ ಒಂದೇ.

ಒಂದು ಮಿ.ಮೀ. ಅಂದರೆ ಎಷ್ಟು ನಿಮಿಷ

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ನಾವು ಬಳಸುವ 50 ಮಿ.ಲೀ. ಸಿರಿಂಜಿನ ಒಳ ವ್ಯಾಸ 29 ಮಿ.ಮೀ. ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 660 ಚದರ ಮಿ.ಮೀ. ಅಂದರೆ ಪ್ಲಂಜರ್ ಒಂದು ಮಿ.ಮೀ. ಸರಿದರೆ 0.66 ಮಿ.ಲೀ. ಹೊರಬರುತ್ತದೆ. ಗಂಟೆಗೆ 4.5 ಮಿ.ಲೀ. ಬೇಕಿದ್ದರೆ ಪ್ಲಂಜರ್ ಗಂಟೆಗೆ 6.8 ಮಿ.ಮೀ. ಮಾತ್ರ ಸರಿಯಬೇಕು. ಕಣ್ಣಿಗೆ ಕಾಣುವ ಚಲನೆಯಲ್ಲ ಅದು.

ಈಗ ಪಂಪಿಗೂ ಸಿರಿಂಜಿಗೂ ನಡುವೆ ಒಂದು ಮಿ.ಮೀ. ಸಡಿಲ ಇದೆ ಎಂದುಕೊಳ್ಳಿ. ಮೋಟರ್ ಮೊದಲು ಆ ಖಾಲಿ ಜಾಗವನ್ನು ದಾಟಬೇಕು. ಅದಕ್ಕೆ ಹಿಡಿಯುವುದು ಸುಮಾರು 9 ನಿಮಿಷ. ಅಷ್ಟು ಹೊತ್ತೂ ಪರದೆ ಮೇಲೆ 'ಹೋದ ಪ್ರಮಾಣ' ಏರುತ್ತಲೇ ಇರುತ್ತದೆ, ಲೈನಿನ ತುದಿಯಲ್ಲಿ ಒಂದು ಹನಿಯೂ ಇಲ್ಲ. ವೇಗ ಗಂಟೆಗೆ 1 ಮಿ.ಲೀ. ಆಗಿದ್ದರೆ ಅದೇ ಸಡಿಲಕ್ಕೆ 40 ನಿಮಿಷ ಬೇಕು. ವೇಗ 50 ಆಗಿದ್ದರೆ ಒಂದು ನಿಮಿಷವೂ ಬೇಡ, ಯಾರಿಗೂ ಗೊತ್ತೇ ಆಗುವುದಿಲ್ಲ. ಆ್ಯಂಟಿಬಯಾಟಿಕ್ ಕೊಡುವಾಗ ಸುಮ್ಮನಿರುವ ಪಂಪ್ ನಾರ್‌ಅಡ್ರಿನಲಿನ್ ಕೊಡುವಾಗ ಮಾತ್ರ 'ಕೆಡುವುದು' ಇದಕ್ಕೇ.

ಇದು ನಮ್ಮ ಒಂದು ಪಂಪಿನ ಸಮಸ್ಯೆಯಷ್ಟೇ ಅಲ್ಲ. ಅಮೆರಿಕದ ಎಫ್‌ಡಿಎ 2016ರಲ್ಲಿ ಸಿರಿಂಜ್ ಪಂಪುಗಳ ಬಗ್ಗೆಯೇ ಒಂದು ಎಚ್ಚರಿಕೆ ಹೊರಡಿಸಿತು. ಗಂಟೆಗೆ 5 ಮಿ.ಲೀ.ಗಿಂತ ಕಡಿಮೆ ವೇಗದಲ್ಲಿ ಹರಿವು ಸರಾಗವಾಗಿ ಇರದೆ ತಡವಾಗಬಹುದು, ನಿಲ್ಲಬಹುದು, ಒಮ್ಮೆಲೇ ನುಗ್ಗಬಹುದು ಎಂದು ಅದರಲ್ಲಿತ್ತು. 0.5ಕ್ಕಿಂತ ಕಡಿಮೆ ವೇಗದಲ್ಲಿ ಇದು ಇನ್ನೂ ಜಾಸ್ತಿ. ಚೆನ್ನಾಗಿರುವ ಪಂಪಿನಲ್ಲೂ ಶುರುವಿನ ತಡ ಸ್ವಲ್ಪ ಇದ್ದೇ ಇರುತ್ತದೆ. ಪ್ಲಂಜರಿನ ರಬ್ಬರ್ ಮೊದಲು ಅದುಮಿಕೊಳ್ಳಬೇಕು, ಆಮೇಲೆ ಸರಿಯಬೇಕು. ನಾವು ಹುಡುಕಬೇಕಾದದ್ದು ತಡ ಇದೆಯೋ ಇಲ್ಲವೋ ಎಂದಲ್ಲ, ಅದೇ ಮಾದರಿಯ ಬೇರೆ ಪಂಪಿಗಿಂತ ಎಷ್ಟು ಜಾಸ್ತಿ ಇದೆ ಎಂದು.

ಬೇರೆ ಕಾರಣಗಳನ್ನು ತಳ್ಳಿಹಾಕುವುದು

ಸಡಿಲದ ಮೇಲೆ ಅನುಮಾನ ಬಂದರೂ ಉಳಿದವನ್ನು ನೋಡದೆ ಬಿಡಬಾರದು. ಮೂರು ಕಾರಣಗಳು ಇದೇ ವೇಷದಲ್ಲಿ ಬರುತ್ತವೆ.

ಮೊದಲನೆಯದು ಲೈನಿನ ಅಡಚಣೆ. ತ್ರೀ-ವೇ ಮುಚ್ಚಿದ್ದರೆ, ಲೈನ್ ಮಡಿಚಿದ್ದರೆ ಔಷಧ ಹೋಗುವುದಿಲ್ಲ. ಕಡಿಮೆ ವೇಗದಲ್ಲಿ ಅಲಾರಂ ಬರುವ ಮಟ್ಟಕ್ಕೆ ಒತ್ತಡ ಏರಲು ತುಂಬಾ ಹೊತ್ತು ಬೇಕು. ಹಾಗಾಗಿ 'ಅಲಾರಂ ಬಂದಿಲ್ಲ, ಅಡಚಣೆ ಇಲ್ಲ' ಎನ್ನಲಾಗದು. ಆದರೆ ಅಡಚಣೆಯಾಗಿದ್ದರೆ ಪಂಪಿನ ಒತ್ತಡದ ಗೆರೆ ನಿಧಾನವಾಗಿ ಏರಿರುತ್ತದೆ. ಅಡಚಣೆ ಬಿಟ್ಟ ಕ್ಷಣ ಕೂಡಿಟ್ಟ ಔಷಧವೆಲ್ಲ ಒಟ್ಟಿಗೆ ನುಗ್ಗಿ ಬಿಪಿ ಚೂಪಾಗಿ ಏರುತ್ತದೆ. ನಮ್ಮ ಕೇಸಿನಲ್ಲಿ ಒತ್ತಡದ ಗೆರೆ ನೆಲ ಬಿಟ್ಟು ಎದ್ದಿರಲಿಲ್ಲ. ಬಿಪಿ ಏರಿದ್ದೂ ಏಳೆಂಟು ನಿಮಿಷದಲ್ಲಿ, ಓರೆಯಾಗಿ. 108ಕ್ಕೆ ಹೋದದ್ದಕ್ಕೆ ಕಾರಣ ಬೇರೆ: ಕುಸಿತಕ್ಕೆ ಉತ್ತರವಾಗಿ ಏರಿಸಿದ 6ರ ವೇಗದಲ್ಲಿ ಔಷಧ ನಿಜವಾಗಿ ಹೋಗತೊಡಗಿತ್ತು. ಆ ಹೊತ್ತಿನಲ್ಲಿ ಕಾಣುತ್ತಿದ್ದ ಮಾಹಿತಿಯನ್ನು ನೋಡಿದರೆ ವೇಗ ಏರಿಸಿದ್ದು ಸರಿಯೇ.

ಎರಡನೆಯದು, ಪಂಪ್ ಸಿರಿಂಜನ್ನು ತಪ್ಪಾಗಿ ಗುರುತಿಸಿರುವುದು. ಬೇರೆ ಬೇರೆ ಕಂಪನಿಯ 50 ಮಿ.ಲೀ. ಸಿರಿಂಜುಗಳ ಒಳ ವ್ಯಾಸ ಒಂದೇ ಅಲ್ಲ. ಒಳಗೆ 29 ಮಿ.ಮೀ. ಇರುವ ಸಿರಿಂಜನ್ನು ಪಂಪ್ 27 ಎಂದು ತಿಳಿದರೆ ಔಷಧ ಶೇ. 15ರಷ್ಟು ಜಾಸ್ತಿ ಹೋಗುತ್ತದೆ. ಆದರೆ ಆ ವ್ಯತ್ಯಾಸ ಸಿರಿಂಜ್ ಮುಗಿಯುವವರೆಗೂ ಒಂದೇ ಸಮ ಇರುತ್ತದೆ. ಶುರುವಿನ ಹತ್ತು ನಿಮಿಷಕ್ಕೆ ಸೀಮಿತವಾಗುವುದಿಲ್ಲ.

ಮೂರನೆಯದು ಒಳಗಿನ ಸ್ಕ್ರೂ ಮತ್ತು ಅದನ್ನು ಕಚ್ಚುವ ಅರ್ಧ ನಟ್ ಸವೆದಿರುವುದು. ಸವೆದರೆ ಪ್ಲಂಜರಿನ ಮೇಲೆ ಬಲ ಬಿದ್ದಾಗ ನಟ್ ಜಾರುತ್ತದೆ. ಹರಿವು ಶುರುವಿನಲ್ಲಷ್ಟೇ ಅಲ್ಲ, ನಡುವೆಯೂ ತುಂಡು ತುಂಡಾಗುತ್ತದೆ. ಬೆಂಚಿನ ಮೇಲೆ ಗಂಟೆಗಟ್ಟಲೆ ಓಡಿಸಿದರೆ ಒಟ್ಟು ಪ್ರಮಾಣವೇ ಕಡಿಮೆ ಬರುತ್ತದೆ.

ತಕ್ಕಡಿಯ ಮೇಲೆ

ಪಂಪಿನ ಹರಿವು ಅಳೆಯುವ ಸಾಮಾನ್ಯ ಅನಲೈಸರಿಗೆ ಜೋಡಿಸಿ ಒಂದು ಗಂಟೆ ಓಡಿಸಿದರೆ ಈ ದೋಷ ಸಿಗುವುದಿಲ್ಲ. ಅನಲೈಸರ್ ಪರೀಕ್ಷೆಯಲ್ಲಿ ನಾವೇ ಮೊದಲು ಲೈನ್ ತುಂಬಿಸಿ, ಹರಿವು ನೆಲೆಗೊಂಡ ಮೇಲೆ ಅಳೆಯಲು ಶುರು ಮಾಡುತ್ತೇವೆ. ಅಂದರೆ ದೋಷ ಇರುವ ಭಾಗವನ್ನು ಕೈಯಾರೆ ಕತ್ತರಿಸಿ ಬಿಸಾಡಿ ಉಳಿದದ್ದನ್ನು ಅಳೆಯುತ್ತೇವೆ! ಈ ಪಂಪ್ ವಾರ್ಷಿಕ ಪರೀಕ್ಷೆಯಲ್ಲಿ ಪಾಸಾಗಿದ್ದು ಹಾಗೆ. ತಯಾರಕರು ಪಾಲಿಸುವ ಐಇಸಿ 60601-2-24 ಮಾನದಂಡದಲ್ಲಿ ಶುರುವಿನ ಹರಿವಿನ ಗ್ರಾಫ್ ಕೂಡ ಇದೆ. ಪಂಪಿನ ಜೊತೆ ಬರುವ ಪುಸ್ತಕದ ಕೊನೆಯ ಪುಟಗಳಲ್ಲಿ ಅದು ಸಿಗುತ್ತದೆ. ಯಾರೂ ತೆರೆಯದ ಪುಟಗಳವು. ಹೋಲಿಕೆಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಹಾಗಾಗಿ ಮಿಲಿಗ್ರಾಂ ತೋರಿಸುವ ತಕ್ಕಡಿ ತಂದೆವು. ಅದರ ಮೇಲೆ ನೀರಿದ್ದ ಚಿಕ್ಕ ಬೀಕರ್ ಇಟ್ಟು, ಆವಿಯಾಗದ ಹಾಗೆ ಮೇಲೆ ತೆಳುವಾಗಿ ಎಣ್ಣೆ ಹಾಕಿದೆವು. ಲೈನಿನ ತುದಿ ನೀರಿನೊಳಗೆ ಮುಳುಗಿರಬೇಕು, ಆದರೆ ಬೀಕರನ್ನು ಮುಟ್ಟಬಾರದು. ತುದಿ ಗಾಳಿಯಲ್ಲಿದ್ದರೆ ಹನಿ ಕಟ್ಟಿ ಬೀಳುವ ಏರಿಳಿತವೇ ಹರಿವಿನಂತೆ ಕಾಣುತ್ತದೆ. ಪಂಪನ್ನು ಬೀಕರಿನ ಮಟ್ಟಕ್ಕೇ ಇಟ್ಟೆವು. ವಾರ್ಡಿನಲ್ಲಿ ಬಳಸಿದ ಮಾದರಿಯದೇ ಹೊಸ ಸಿರಿಂಜ್, ಗಂಟೆಗೆ 4.5 ಮಿ.ಲೀ. ಪ್ರತಿ ನಿಮಿಷ ತೂಕ ಬರೆದುಕೊಳ್ಳುವುದು. ಎಲ್ಲ ಸರಿಯಿದ್ದರೆ ನಿಮಿಷಕ್ಕೆ 0.075 ಗ್ರಾಂ ಏರಬೇಕು.

ಒಳ್ಳೆಯ ಪಂಪ್ ಎರಡನೇ ನಿಮಿಷ ಮುಗಿಯುವ ಹೊತ್ತಿಗೆ ತೂಕ ಏರಿಸತೊಡಗಿತು. ಅನುಮಾನದ ಪಂಪಿನಲ್ಲಿ ಹತ್ತು ನಿಮಿಷ ತಕ್ಕಡಿ ಅಲುಗಲಿಲ್ಲ. ಹನ್ನೊಂದನೇ ನಿಮಿಷದಲ್ಲಿ ಶುರುವಾಯಿತು, ಆಮೇಲೆ ನಿಮಿಷಕ್ಕೆ 0.075ರಂತೆ ಗಡಿಯಾರದ ಹಾಗೆ ಹೋಯಿತು. ನೆಲೆಗೊಂಡ ಮೇಲಿನ ಒಂದು ಗಂಟೆಯಲ್ಲಿ ಬಂದದ್ದು 4.47 ಗ್ರಾಂ, ದೋಷವಿಲ್ಲದ ಪಂಪಿನ ಅಂಕಿ. ಅಲ್ಲಿಗೆ ಸ್ಕ್ರೂ, ನಟ್, ಮೋಟರ್, ಸಿರಿಂಜ್ ಆಯ್ಕೆ ಎಲ್ಲವೂ ಆಟದಿಂದ ಹೊರಗೆ.

ಆಮೇಲೆ ಒಂದು ತಮಾಷೆ ನಡೆಯಿತು. ಅದೇ ಸಿರಿಂಜ್ ತೆಗೆದು ಮತ್ತೆ ಹಾಕಿ ಓಡಿಸಿದರೆ ತಡವೇ ಇಲ್ಲ, ಎರಡು ನಿಮಿಷಕ್ಕೆ ಹರಿವು ಬಂತು. ದೋಷ ಮಾಯವಾಯಿತೇ? ಇಲ್ಲ. ಸಿರಿಂಜ್ ಈ ಸಲ ಸ್ಲಾಟಿನ ಮುಂದಿನ ಗೋಡೆಗೆ ತಾಗಿ ಕೂತಿತ್ತು. ಬೇಕೆಂದೇ ಹಿಂದಕ್ಕೆ ಒತ್ತಿ ಕೂರಿಸಿದಾಗ ಹತ್ತು ನಿಮಿಷದ ತಡ ವಾಪಸ್ ಬಂತು. ಮಧ್ಯಾಹ್ನದ ಕುಸಿತ 58ಕ್ಕೇ ನಿಂತದ್ದು, ರಾತ್ರಿಯದು 46ಕ್ಕೆ ಹೋದದ್ದು ಯಾಕೆ ಎಂಬುದಕ್ಕೂ ಇಲ್ಲೇ ಉತ್ತರ ಸಿಗುತ್ತದೆ. ಸಿರಿಂಜ್ ಕೂತ ಜಾಗ ಪ್ರತಿ ಸಲವೂ ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಪಂಪ್ ಎರಡನ್ನೂ 'ಸರಿ' ಎಂದು ಒಪ್ಪಿಕೊಳ್ಳುತ್ತದೆ.

ಸಿಕ್ಕಿದ ದೋಷ

ಬ್ಯಾರೆಲಿನ ಹಿಂಭಾಗದಲ್ಲಿ ಬೆರಳಿಟ್ಟು ಹಿಡಿಯಲು ಎರಡು ರೆಕ್ಕೆ ಇರುತ್ತವಲ್ಲ, ಅವು ಪಂಪಿನ ಒಂದು ಸಣ್ಣ ಸ್ಲಾಟಿನಲ್ಲಿ ಕೂರುತ್ತವೆ. ಪ್ಲಂಜರ್ ಒತ್ತುವಾಗ ಬ್ಯಾರೆಲ್ ಮುಂದೆ ಜರುಗದ ಹಾಗೆ ಹಿಡಿಯುವುದು ಆ ಸ್ಲಾಟೇ. ಸಂದಿನ ಅಗಲ ಅಳೆಯುವ ಫೀಲರ್ ಗೇಜ್ ಇಟ್ಟು ನೋಡಿದಾಗ ಒಳ್ಳೆಯ ಪಂಪುಗಳಲ್ಲಿ ರೆಕ್ಕೆಗೂ ಗೋಡೆಗೂ ನಡುವೆ 0.2 ಮಿ.ಮೀ. ಇತ್ತು. ಇದರಲ್ಲಿ 1.2 ಮಿ.ಮೀ. ಟಾರ್ಚನ್ನು ಓರೆಯಾಗಿ ಹಿಡಿದಾಗ ಕಾರಣ ಕಂಡಿತು. ಸ್ಲಾಟಿನ ಹಿಂದಿನ ಪ್ಲಾಸ್ಟಿಕ್ ತುಟಿಯ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಬೆರಳಿನಿಂದ ಒತ್ತಿದರೆ ಅದು ಹಿಂದಕ್ಕೆ ಬಾಗುತ್ತಿತ್ತು, ಬಿಟ್ಟರೆ ಪೂರ್ತಿ ವಾಪಸ್ ಬರುತ್ತಿರಲಿಲ್ಲ.

ಲೆಕ್ಕ ಕೂಡುತ್ತದೆಯೇ ನೋಡೋಣ. 1.2 ಮಿ.ಮೀ. ಅಂದರೆ 0.79 ಮಿ.ಲೀ. 02:12:31ರಿಂದ 02:19ರವರೆಗೆ 4.5ರ ವೇಗದಲ್ಲಿ ಮೋಟರ್ 0.49 ಮಿ.ಲೀ.ಯಷ್ಟು ಸರಿದಿದೆ. ಉಳಿದ 0.3 ಮಿ.ಲೀ.ಗೆ 6ರ ವೇಗದಲ್ಲಿ ಮೂರು ನಿಮಿಷ. ಹಾಗಾದರೆ ಔಷಧ ಶುರುವಾಗಬೇಕಾದದ್ದು 02:22ಕ್ಕೆ. ಬಿಪಿ ತಿರುಗಿದ್ದು 02:23ಕ್ಕೆ. ಇದಕ್ಕಿಂತ ಚೆನ್ನಾಗಿ ಹೊಂದುವ ಲೆಕ್ಕ ಈ ಕೆಲಸದಲ್ಲಿ ಅಪರೂಪ.

ಸಿರಿಂಜಿನ ಗೆರೆ ನೋಡಿ ಇದನ್ನು ಹಿಡಿಯಬಹುದಿತ್ತೇ ಎಂದು ಕೇಳಿದವರಿದ್ದಾರೆ. ಸಾಧ್ಯವಿರಲಿಲ್ಲ. ಆ ಸಿರಿಂಜಿನಲ್ಲಿ ಒಂದು ಗೆರೆಗೂ ಇನ್ನೊಂದಕ್ಕೂ 1 ಮಿ.ಲೀ. ಅಂತರ. ಇಡೀ ದೋಷ ಒಂದು ಗೆರೆಯಷ್ಟೂ ಇಲ್ಲ.

ಪಂಪಿನ ಸೆನ್ಸರುಗಳು ಯಾಕೆ ಸುಮ್ಮನಿದ್ದವು? ಬಲ ಅಳೆಯುವ ಸೆನ್ಸರ್ ಹುಡುಕುವುದು ಬಲ ಜಾಸ್ತಿಯಾದದ್ದನ್ನು, ಕಡಿಮೆ ಇದ್ದದ್ದನ್ನಲ್ಲ. ಪ್ಲಂಜರ್ ತಲೆಯ ಸ್ವಿಚ್ ಒತ್ತಿಕೊಂಡೇ ಇತ್ತು, ಯಾಕೆಂದರೆ ಸಡಿಲ ಇದ್ದದ್ದು ಆ ಕಡೆಯಲ್ಲ, ಬ್ಯಾರೆಲಿನ ಕಡೆ. ರೆಕ್ಕೆ ಸ್ಲಾಟಿನಲ್ಲಿ ಇದೆಯೇ ಎಂದು ನೋಡುವ ಸೆನ್ಸರ್ 'ಇದೆ' ಎಂದಿತು. ಇತ್ತು ಕೂಡ.

ಬಿರುಕು ಬಿಡಲು ಕಾರಣ ಏನು ಎಂದರೆ ಒಂದೇ ಉತ್ತರ ಕೊಡಲಾರೆ. ಸೋಂಕುನಾಶಕ ಒರೆಸುವ ಬಟ್ಟೆಗಳಲ್ಲಿನ ಕೆಲವು ರಾಸಾಯನಿಕಗಳು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ, ಅದರಲ್ಲೂ ಒತ್ತಡ ಬೀಳುವ ಮೂಲೆಗಳಲ್ಲಿ, ಬಿರುಕು ತರುತ್ತವೆ. ತಯಾರಕರು ಯಾವ ದ್ರಾವಣ ಬಳಸಬೇಕು ಎಂದು ಪಟ್ಟಿ ಕೊಡುವುದು ಇದಕ್ಕೇ. ದಿನಕ್ಕೆ ಹಲವು ಸಲ ಸಿರಿಂಜ್ ಕೂರಿಸಿ ತೆಗೆಯುವ ಸವೆತವೂ ಸೇರಿರುತ್ತದೆ.

ಅದೇ ಸಡಿಲ ಇನ್ನೊಂದು ದಿಕ್ಕಿನಲ್ಲೂ ಕೆಲಸ ಮಾಡುತ್ತದೆ, ಇದನ್ನು ಹೇಳದೆ ಬಿಡುವ ಹಾಗಿಲ್ಲ. ಪಂಪ್ ಓಡುತ್ತಿರುವಾಗ ಅದನ್ನು ಬೀಕರಿನ ಮಟ್ಟದಿಂದ 80 ಸೆಂ.ಮೀ. ಮೇಲಕ್ಕೆ ಎತ್ತಿದೆವು. ನೀರಿನ ಭಾರವೇ ಔಷಧವನ್ನು ಕೆಳಗೆ ಎಳೆಯುತ್ತದೆ, ಬ್ಯಾರೆಲ್ ಸಡಿಲದಲ್ಲಿ ಹಿಂದಕ್ಕೆ ಜರುಗುತ್ತದೆ. ಕೆಲವೇ ಕ್ಷಣಗಳಲ್ಲಿ 0.3 ಗ್ರಾಂ ಒಮ್ಮೆಲೇ ಬಂತು. ಆಮೇಲೆ ನಾಲ್ಕು ನಿಮಿಷ ಏನೂ ಬರಲಿಲ್ಲ. ವಾರ್ಡಿನ ಲೆಕ್ಕದಲ್ಲಿ ಅದು 24 ಮೈಕ್ರೋಗ್ರಾಂ ನಾರ್‌ಅಡ್ರಿನಲಿನ್ ಒಂದೇ ಏಟಿಗೆ. ಸ್ಕ್ಯಾನಿಂಗಿಗೆ ಹೊರಟಾಗ ಪಂಪನ್ನು ಕಂಬದ ಮೇಲಿನ ಕ್ಲ್ಯಾಂಪಿಗೆ ಬದಲಿಸಿದರೆ ಬಿಪಿ ಜಿಗಿದು ಬೀಳುವುದು ಹೀಗೆ. ದೋಷವಿಲ್ಲದ ಪಂಪಿನಲ್ಲೂ ಸ್ವಲ್ಪ ಜಿಗಿತ ಇರುತ್ತದೆ, ಅದಕ್ಕೇ ಪಂಪನ್ನು ರೋಗಿಯ ಮಟ್ಟದಲ್ಲೇ ಇಡಿ ಎನ್ನುವುದು.

ವರದಿಯಲ್ಲಿ ಏನು ಬರೆಯಬೇಕು

'ಸಿರಿಂಜ್ ಸರಿಯಾಗಿ ಕೂರಿಸಿರಲಿಲ್ಲ' ಎಂದು ಬರೆಯುವುದು ತುಂಬಾ ಸುಲಭ. ಫೋಟೋದಲ್ಲಿ ಸಿರಿಂಜ್ ಹಿಂದಕ್ಕೆ ಕೂತದ್ದು ಕಾಣುತ್ತಿತ್ತು ಕೂಡ. ಆದರೆ ಅದು ನಿಜವಲ್ಲ. ಪಂಪ್ ಒಪ್ಪಿಕೊಂಡ ಜಾಗದಲ್ಲೇ ಸಿರಿಂಜ್ ಇತ್ತು. ನಾವು ಬರೆದದ್ದು ಹೀಗೆ:

"ಸಿರಿಂಜ್ ಕೂರಿಸಿ ಪಂಪ್ ದೃಢಪಡಿಸಿದ ನಂತರವೂ ಬ್ಯಾರೆಲ್ ರೆಕ್ಕೆಯ ಸ್ಲಾಟಿನಲ್ಲಿ 1.2 ಮಿ.ಮೀ. ಸಡಿಲ ಇತ್ತು. ಕಾರಣ, ಸ್ಲಾಟಿನ ಹಿಂದಿನ ತುಟಿಯ ಬಿರುಕು. ಗಂಟೆಗೆ 4.5 ಮಿ.ಲೀ. ವೇಗದಲ್ಲಿ ಇದರಿಂದ ಸುಮಾರು 10 ನಿಮಿಷ ಔಷಧ ಹರಿಯಲಿಲ್ಲ. ಪಂಪ್ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ. ಆ ಅವಧಿಯಲ್ಲಿ ರೋಗಿಯ ಸರಾಸರಿ ಬಿಪಿ 71ರಿಂದ 46ಕ್ಕೆ ಇಳಿಯಿತು. ಹರಿವು ಶುರುವಾದ ಮೇಲೆ 108ಕ್ಕೆ ಏರಿ, 02:40ರ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಬಂತು. ಬೆವರು ಮತ್ತು ಚಡಪಡಿಕೆ ಇತ್ತು. ಇಸಿಜಿ ಬದಲಾವಣೆ ಇಲ್ಲ."

ಇದರಲ್ಲಿ ಯಾರ ಹೆಸರೂ ಇಲ್ಲ, ಯಾರ ಹುದ್ದೆಯೂ ಇಲ್ಲ. ಮರೆಮಾಚಿದ್ದೂ ಏನಿಲ್ಲ. ಯಂತ್ರ ಏನು ಮಾಡಿತು, ರೋಗಿಗೆ ಏನಾಯಿತು, ಯಾವ ಸಮಯದಲ್ಲಿ ಆಯಿತು ಎಂಬುದು ಪೂರ್ತಿ ಇದೆ. ತಯಾರಕರಿಗೆ ಬೇಕಾದದ್ದೂ ಇಷ್ಟೇ, ಜೊತೆಗೆ ಪಂಪಿನ ಮಾದರಿ, ಸೀರಿಯಲ್ ನಂಬರ್, ಸಾಫ್ಟ್‌ವೇರ್ ಆವೃತ್ತಿ, ಸಿರಿಂಜಿನ ಬ್ಯಾಚ್. ಕೈಯ ಮೇಲೆ ತಪ್ಪು ಹಾಕಿ ಬರೆದಿದ್ದರೆ ಬಿರುಕನ್ನು ಯಾರೂ ಹುಡುಕುತ್ತಿರಲಿಲ್ಲ. ಪಂಪ್ ಮುಂದಿನ ರೋಗಿಯ ಹತ್ತಿರ ಹೋಗುತ್ತಿತ್ತು.

ವಾರ್ಡಿನಲ್ಲಿ ಮತ್ತು ವರ್ಕ್‌ಶಾಪಿನಲ್ಲಿ ಬದಲಾದದ್ದು

ಶುರುವಿನ ತಡ ತಪ್ಪಿಸಲು ಪರ್ಜ್ ಗುಂಡಿ ಒತ್ತಿ ಎಂದು ಪುಸ್ತಕಗಳು ಹೇಳುತ್ತವೆ. ಮೋಟರ್ ವೇಗವಾಗಿ ಮುಂದೆ ಹೋಗಿ ಸಡಿಲವನ್ನು ತಿಂದುಹಾಕುತ್ತದೆ, ಲೈನಿನ ತುದಿಯಲ್ಲಿ ಹನಿ ಕಂಡರೆ ಮುಗಿಯಿತು. ಆದರೆ ಓಡುತ್ತಿರುವ ಲೈನಿಗೆ ಸಿರಿಂಜ್ ಮಾತ್ರ ಬದಲಿಸುವಾಗ ಲೈನ್ ರೋಗಿಗೆ ಸೇರಿಕೊಂಡೇ ಇರುತ್ತದೆ. ಆಗ ಪರ್ಜ್ ಮಾಡಿದರೆ ಔಷಧ ನೇರ ಒಳಗೆ ನುಗ್ಗುತ್ತದೆ. ಮಾಡಬಾರದು, ಆ ರಾತ್ರಿ ಮಾಡಿಯೂ ಇರಲಿಲ್ಲ. ತ್ರೀ-ವೇಯನ್ನು ರೋಗಿಯ ಕಡೆ ಮುಚ್ಚಿ, ಪಕ್ಕದ ಬಾಯಿಯಿಂದ ಹನಿ ಬರುವವರೆಗೆ ಪರ್ಜ್ ಮಾಡಿ, ಆಮೇಲೆ ತಿರುಗಿಸಿದರೆ ಸರಿ. ಇದಕ್ಕಿಂತ ಒಳ್ಳೆಯದು ಎರಡನೇ ಪಂಪನ್ನು ಮೊದಲೇ ಹೊಸ ಸಿರಿಂಜ್ ಹಾಕಿ ಓಡಿಸಿಟ್ಟುಕೊಂಡು, ಹರಿವು ನೆಲೆಗೊಂಡ ಮೇಲೆ ಬದಲಿಸುವುದು. ಬಿಪಿ ಔಷಧಗಳಿಗೆ ಈಗ ಈ ವಾರ್ಡಿನಲ್ಲಿ ಹೀಗೇ ಮಾಡುತ್ತಾರೆ. ಪಂಪ್ ಹೆಚ್ಚು ಬೇಕಾಗುತ್ತದೆ, ಅದೊಂದೇ ತೊಂದರೆ.

ಬಿರುಕು ಬಿಟ್ಟ ಪಂಪಿಗೆ ಮಾತ್ರ ಪರ್ಜ್ ಮದ್ದಲ್ಲ. ಕಂಬ ಅಲುಗಿದರೆ, ಪಂಪ್ ಎತ್ತಿದರೆ ಬ್ಯಾರೆಲ್ ಮತ್ತೆ ಜರುಗುತ್ತದೆ. ಅಂಥದ್ದನ್ನು ಬಳಕೆಯಿಂದ ತೆಗೆಯಲೇಬೇಕು. ಅಂಟು ಹಾಕಿ ಸರಿ ಮಾಡುವ ಯೋಚನೆ ಬಂದರೆ ಬಿಟ್ಟುಬಿಡಿ.

ಸ್ಲಾಟ್ ಇರುವ ಇಡೀ ಭಾಗವನ್ನು ಬದಲಿಸಿದೆವು. ಆಮೇಲೆ ಸಿರಿಂಜನ್ನು ಬೇಕೆಂದೇ ಹಿಂದಕ್ಕೆ ಒತ್ತಿ ಕೂರಿಸಿ ತಕ್ಕಡಿ ಪರೀಕ್ಷೆ ಮಾಡಿದಾಗ ಎರಡು ನಿಮಿಷದೊಳಗೆ ಹರಿವು ಬಂತು. 80 ಸೆಂ.ಮೀ. ಎತ್ತಿದಾಗ ಜಿಗಿತ 0.1 ಗ್ರಾಂ ದಾಟಲಿಲ್ಲ. ಅದೇ ಮಾದರಿಯ ಉಳಿದ ಪಂಪುಗಳಿಗೂ ಫೀಲರ್ ಗೇಜ್ ಹಿಡಿದೆವು. ಇನ್ನೂ ಎರಡರಲ್ಲಿ ಸಡಿಲ ಅರ್ಧ ಮಿ.ಮೀ. ದಾಟಿತ್ತು, ಅವುಗಳ ಮೇಲೆ ವಾರ್ಡಿನಿಂದ ಒಂದು ದೂರೂ ಬಂದಿರಲಿಲ್ಲ. ಎರಡೂ ಆ್ಯಂಟಿಬಯಾಟಿಕ್ ಕೊಡುವ ಕಡೆ ಇದ್ದವು. ಈಗ ವಾರ್ಷಿಕ ಪರೀಕ್ಷೆಯ ಹಾಳೆಯಲ್ಲಿ ಎರಡು ಹೊಸ ಸಾಲು ಸೇರಿವೆ: ಸ್ಲಾಟಿನ ಸಡಿಲ ಎಷ್ಟು ಮಿ.ಮೀ., ಗಂಟೆಗೆ 1 ಮಿ.ಲೀ. ವೇಗದಲ್ಲಿ ಹರಿವು ಶುರುವಾಗಲು ಎಷ್ಟು ನಿಮಿಷ.